ಪದಚರ್ಚೆ: ಹಿನ್ನೆಲೆ ‘ಮಸುಕು’ ಮಾಡುವುದೋ ‘ಮಬ್ಬು’ ಮಾಡುವುದೋ? ಕೂದಲಂಚಿನ ದೋಷಕ್ಕೆ ಏನೆನ್ನುವುದು?

ಪ್ರಶ್ನೆ – ಧಾರವಾಡದಿಂದ, ಪುಸ್ತಕ ಪ್ರಕಾಶಕಿ

ಎಲ್ಲರಿಗೂ ನಮಸ್ಕಾರ. ಬೆನ್ನುಡಿಯ ಪಕ್ಕದಲ್ಲಿ ಅಚ್ಚು ಹಾಕಲೆಂದು ಲೇಖಕರು ಕಳುಹಿಸುವ ಭಾವಚಿತ್ರಗಳಲ್ಲಿ ಹೆಚ್ಚಿನವು ಈಗ ಮೊಬೈಲಿನ ಪೋರ್ಟ್ರೇಟ್ ಮೋಡ್‌ನಲ್ಲಿ ತೆಗೆದವು. ಅವರಿಗಾಗಿ ಒಂದು ಪುಟದ ಸೂಚನೆ ಬರೆಯುತ್ತಿದ್ದೇನೆ. ‘ಹಿನ್ನೆಲೆಯನ್ನು ಮಬ್ಬು ಮಾಡಿ’ ಎಂದು ಬರೆದರೆ ಸರಿಯೇ, ‘ಮಸುಕು ಮಾಡಿ’ ಎನ್ನಬೇಕೇ?

ಇನ್ನೊಂದು ತೊಡಕು. ಸದ್ಯ ಮೇಜಿನ ಮೇಲಿರುವ ಫೋಟೋದಲ್ಲಿ ಲೇಖಕಿ ಜಗಲಿಯ ಕಿಟಕಿಗೆ ಬೆನ್ನು ಹಾಕಿ ನಿಂತಿದ್ದಾರೆ. ನರೆತ ಗುಂಗುರು ಕೂದಲು, ಮುಡಿಯಲ್ಲಿ ಮಲ್ಲಿಗೆ, ಕಿವಿಯಲ್ಲಿ ಜುಮುಕಿ, ಹಿಂದೆ ಕಿಟಕಿಯ ಸರಳುಗಳು. ಚಿಕ್ಕದಾಗಿ ನೋಡಿದರೆ ಚೆನ್ನಾಗಿದೆ. ಹಿಗ್ಗಿಸಿದರೆ ತಲೆಯ ಸುತ್ತ ಏನೋ ಸುಳ್ಳು ಕಾಣುತ್ತದೆ. ಕೂದಲಿನ ಈ ಸುಳ್ಳು ಅಂಚಿಗೆ ಒಂದು ಪದ ಬೇಕು.

ಮೈಸೂರಿನಿಂದ, ನಿವೃತ್ತ ಕನ್ನಡ ಅಧ್ಯಾಪಕರು

‘ಮಬ್ಬು’ ಬೇಡ. ಮಬ್ಬುಗತ್ತಲೆ, ಮಬ್ಬು ಬೆಳಕು ಎನ್ನುವಾಗ ಕೊರತೆ ಬೆಳಕಿನದು. ಅಕ್ಷರ ಮಸುಕಾಗಿದೆ, ಕಣ್ಣು ಮಸುಕಾಗಿದೆ ಎನ್ನುವಾಗ ಬೆಳಕು ಇದ್ದೂ ಆಕಾರ ಸ್ಪಷ್ಟವಿಲ್ಲ. ‘ಮಬ್ಬು ಮಾಡಿ’ ಎಂದು ಓದಿದ ಲೇಖಕರು ಹಿಂದಿನ ದೀಪ ಆರಿಸಿ ಬಂದರೆ ತಪ್ಪು ಅವರದಲ್ಲ. ಆದ್ದರಿಂದ ‘ಮಸುಕು’.

ತಲೆಯ ಸುತ್ತ ಕಾಣುವುದಕ್ಕೆ ‘ಪ್ರಭಾವಳಿ’ ಎನ್ನಬಹುದಲ್ಲವೇ?

ಉಡುಪಿಯಿಂದ

ಸುಳ್ಳು ಕೂದಲಿಗೆ ನಮ್ಮಲ್ಲಿ ‘ಚೌರಿ’ ಎಂಬ ಒಳ್ಳೆಯ ಪದವಿದೆ. ನಮ್ಮ ಅತ್ತೆ ಜಡೆಗೆ ಚೌರಿ ಸೇರಿಸಿಕೊಂಡರೆ ಎಲ್ಲಿ ಸೇರಿಸಿದ್ದಾರೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ‘ಚೌರಿ ಕಾಣಿಸದಂತೆ ಫೋಟೋ ತೆಗೆಸಿ’ ಎಂದು ಬರೆಯಿರಿ.

ಬೆಂಗಳೂರಿನಿಂದ, ಹವ್ಯಾಸಿ ಛಾಯಾಗ್ರಾಹಕ

ಹಿನ್ನೆಲೆಯ ಮಸುಕಿಗೆ ಹೊಸ ಪದ ಹುಡುಕುವ ಬದಲು ಛಾಯಾಗ್ರಾಹಕರು ಬಳಸುವ ‘ಬೊಕೆ’ಯನ್ನೇ ಇಟ್ಟುಕೊಳ್ಳೋಣ. ಮೂಲ ಜಪಾನಿ. ಇಂಗ್ಲಿಷಿನವರು ಅದನ್ನು ‘ಬೋಕ್’ ಎಂದು ಓದದಿರಲಿ ಎಂದು 1997ರಲ್ಲಿ ಒಂದು ಅಮೆರಿಕನ್ ಛಾಯಾಗ್ರಹಣ ಪತ್ರಿಕೆ ಕೊನೆಗೊಂದು ‘ಎಚ್’ ಅಕ್ಷರ ಸೇರಿಸಿತು.

ಅಂಚಿನ ದೋಷ ಹಳೆಯ ಫೋನುಗಳದು. ನನ್ನ ಫೋನಿನ ಪರದೆಯಲ್ಲೇ f/1.4 ಎಂದು ತೋರಿಸುತ್ತದೆ. ಅಷ್ಟು ಅಗಲ ತೆರೆಯುವ ಲೆನ್ಸ್ ಹಿನ್ನೆಲೆಯನ್ನು ತಾನೇ ಮಸುಕು ಮಾಡುತ್ತದೆ, ಅದರಲ್ಲಿ ಸುಳ್ಳಿಲ್ಲ.

ಶಿವಮೊಗ್ಗದಿಂದ, ಸ್ಟುಡಿಯೋ ನಡೆಸುವವರು

ಉಡುಪಿಯವರೇ, ಪ್ರಕಾಶಕಿಯವರು ಕೇಳಿದ್ದು ಫೋನು ಮಾಡುವ ಸುಳ್ಳಿನ ಬಗ್ಗೆ. ಲೇಖಕಿಯ ಕೂದಲು ಅಪ್ಪಟ ಅವರದೇ.

ಬೆಂಗಳೂರಿನವರ ‘ಬೊಕೆ’ಯ ಕಥೆ ಸರಿ. ಆದರೆ ಹೂಗುಚ್ಛದ ಅಂಗಡಿಯವರು ಆ ಪದವನ್ನು ಎಂದೋ ತೆಗೆದುಕೊಂಡುಬಿಟ್ಟಿದ್ದಾರೆ. ಇನ್ನು ಪರದೆಯ ಮೇಲೆ ಎಳೆದಾಡಬಹುದಾದ f/1.4 ನಿಜವಾದ ತೆರೆಯುವಿಕೆಯಲ್ಲ. ‘ಅಂಥ ಲೆನ್ಸಿನಲ್ಲಿ ತೆಗೆದಿದ್ದರೆ ಹೀಗೆ ಕಾಣುತ್ತಿತ್ತು’ ಎಂದು ಫೋನು ಲೆಕ್ಕ ಹಾಕಿ ಬಳಿಯುವ ಮಸುಕು ಅದು. ನಾನು ಮದುವೆಗೆ ಒಯ್ಯುವ 85 ಮಿ.ಮೀ., f/1.8 ಲೆನ್ಸಿನ ಬಾಯಿ ಸುಮಾರು 47 ಮಿ.ಮೀ. ಅಗಲ. ಫೋನಿನ ಲೆನ್ಸಿನದು ಕೆಲವೇ ಮಿಲಿಮೀಟರ್. ಅಷ್ಟು ಸಣ್ಣ ಬಾಯಿಯಿಂದ ಆಳೆತ್ತರದ ದೂರದಲ್ಲಿ ನಿಂತವರ ಹಿಂದಿನ ಗೋಡೆ ಆ ಮಟ್ಟಕ್ಕೆ ಕರಗುವುದಿಲ್ಲ.

ಹಾಗಾಗಿ ಫೋನು ಮೊದಲು ವ್ಯಕ್ತಿ ಎಲ್ಲಿ ಮುಗಿಯುತ್ತಾರೆ, ಹಿನ್ನೆಲೆ ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯಬೇಕು. 2016ರ ಐಫೋನ್ 7 ಪ್ಲಸ್ ಎರಡು ಲೆನ್ಸುಗಳ ನೋಟದ ವ್ಯತ್ಯಾಸದಿಂದ ದೂರ ಅಳೆಯಿತು. ಮರುವರ್ಷದ ಗೂಗಲ್ ಫೋನು ಪಿಕ್ಸೆಲ್ 2 ಒಂದೇ ಕ್ಯಾಮೆರಾ ಇಟ್ಟುಕೊಂಡು, ಮನುಷ್ಯಾಕೃತಿಯನ್ನು ಗುರುತಿಸಲು ಕಲಿಸಿದ ತಂತ್ರಾಂಶವನ್ನು ಜೊತೆಗೆ ಬಳಸಿತು. ದಾರಿ ಯಾವುದಾದರೂ ಭುಜದ ಗೆರೆ ಸುಲಭ, ಕೂದಲು ಕಷ್ಟ. ಒಂದು ಎಳೆ ಕೂದಲು ಫೋನಿನ ದೂರದ ಲೆಕ್ಕಕ್ಕೆ ಸಿಗದಷ್ಟು ಸಣ್ಣದು. ಅದು ಬಿದ್ದ ಚುಕ್ಕಿಯಲ್ಲಿ ಕೂದಲಿನ ಬಣ್ಣವೂ ಇರುತ್ತದೆ, ಹಿಂದಿನ ಕಿಟಕಿಯ ಬಣ್ಣವೂ ಇರುತ್ತದೆ. ಫೋನು ಅದನ್ನು ಯಾವುದೋ ಒಂದು ಕಡೆಗೆ ತಳ್ಳುತ್ತದೆ. ಹಿನ್ನೆಲೆ ಎಂದುಕೊಂಡರೆ ಹಾರುವ ಎಳೆಗಳೆಲ್ಲ ಅಳಿಸಿ ತಲೆಯು ಅಂಚು ಸವರಿದ ಪೊದೆಯಂತಾಗುತ್ತದೆ. ಕೂದಲು ಎಂದುಕೊಂಡರೆ ಎಳೆಗಳ ನಡುವಿನ ಕಿಟಕಿಯೂ ಅವುಗಳೊಂದಿಗೆ ಚೊಕ್ಕವಾಗಿ ಉಳಿದುಬಿಡುತ್ತದೆ.

ಮೇಡಂ, ನಿಮ್ಮ ಫೋಟೋದಲ್ಲಿ ಒಂದು ಸರಳನ್ನು ಹಿಡಿದು ಹೊರಗಿನಿಂದ ತಲೆಯ ಕಡೆಗೆ ಕಣ್ಣು ಸರಿಸಿ. ದೂರದಲ್ಲಿ ಮಸುಕಾಗಿರುವ ಸರಳು ಗುಂಗುರಿನ ಹತ್ತಿರ ಬಂದಾಗ ಇದ್ದಕ್ಕಿದ್ದಂತೆ ಸ್ಪಷ್ಟವಾದರೆ ಅಲ್ಲೇ ಸಿಕ್ಕಿಬಿತ್ತು. ಸರಳು ಕಿಟಕಿಯ ಉದ್ದಕ್ಕೂ ಒಂದೇ ದೂರದಲ್ಲಿದೆ, ಮಸುಕೂ ಒಂದೇ ಸಮ ಇರಬೇಕಿತ್ತು. ಆಮೇಲೆ ಜುಮುಕಿ ಮತ್ತು ಕುತ್ತಿಗೆಯ ನಡುವಿನ ಸಂದು ನೋಡಿ. ಅಲ್ಲಿ ಕಿಟಕಿಯ ಒಂದು ಚೂರು ಸ್ಪಷ್ಟವಾಗಿ ಉಳಿದಿರುವ ಸಾಧ್ಯತೆ ಹೆಚ್ಚು. ಸೊಂಟದ ಮೇಲೆ ಕೈಯಿಟ್ಟು ನಿಂತವರಾದರೆ ತೋಳಿನ ಸಂದಿನಲ್ಲೂ ಇದೇ ಕಥೆ.

‘ಪ್ರಭಾವಳಿ’ ಒಪ್ಪಲಾರೆ, ಗುರುಗಳೇ. ಅದು ದೇವರ ಹಿಂದೆ ಇರುವ ಶೋಭೆ. ನಮ್ಮ ಸ್ಟುಡಿಯೋದಲ್ಲಿ ಹುಡುಗರು ‘ಕಟಿಂಗ್ ಕಾಣುತ್ತಿದೆ’ ಎನ್ನುತ್ತಾರೆ.

ಮೈಸೂರಿನಿಂದ, ಅಧ್ಯಾಪಕರು

ಒಪ್ಪಿದೆ. ಆದರೆ ಒಂದು ಸಂಶಯ. ಆ ಫೋಟೋದಲ್ಲಿ ಮುಖ ಸ್ಪಷ್ಟವಿದ್ದು ಕಿವಿಯೂ ಮಲ್ಲಿಗೆಯೂ ಸ್ವಲ್ಪ ಮಸುಕಾಗಿದ್ದರೆ ಅದನ್ನೂ ಸುಳ್ಳೆನ್ನುವುದೇ?

ಶಿವಮೊಗ್ಗದಿಂದ

ಅದನ್ನು ಸುಳ್ಳೆನ್ನುವಂತಿಲ್ಲ. ದೊಡ್ಡ ಲೆನ್ಸಿನಲ್ಲಿ ಕಣ್ಣಿಗೆ ಫೋಕಸ್ ಇಟ್ಟರೆ ಕಿವಿ ಸ್ವಲ್ಪ ಮೆತ್ತಗಾಗುತ್ತದೆ, ಮುಡಿ ಇನ್ನೂ ಸ್ವಲ್ಪ. ಹಿಂದೆ ಸರಿದಂತೆ ಮಸುಕು ಹಂತಹಂತವಾಗಿ ಏರಬೇಕು. ಮೂಗಿನಿಂದ ಮುಡಿಯವರೆಗೆ ಎಲ್ಲವೂ ಗರಿಗರಿಯಾಗಿದ್ದು, ಕೂದಲಿನ ಅಂಚು ದಾಟಿದೊಡನೆ ಹಿನ್ನೆಲೆ ಪೂರ್ತಿ ಕರಗಿದರೆ ನನಗೆ ಅನುಮಾನ ಹೆಚ್ಚು. ಆದರೆ ಕಿವಿ ಮೆತ್ತಗಾಗಿದ್ದು ಹಂತದಿಂದಲೋ, ಫೋನು ಕಿವಿಯನ್ನೇ ಹಿನ್ನೆಲೆ ಎಂದುಕೊಂಡದ್ದರಿಂದಲೋ ಎಂದು ಒಂದೇ ಫೋಟೋ ನೋಡಿ ಹೇಳಲು ಕೆಲವೊಮ್ಮೆ ಸಾಧ್ಯವಾಗುವುದಿಲ್ಲ. ಎರಡು ಕಿವಿಗಳೂ ಕಾಣುತ್ತಿದ್ದರೆ ಹೋಲಿಸಬಹುದು.

ಬೆಂಗಳೂರಿನಿಂದ

ಹಾಗಾದರೆ ಪೋರ್ಟ್ರೇಟ್ ಮೋಡ್ ಬಳಸಲೇಬೇಡಿ ಎಂದು ಬರೆದುಬಿಡಿ. ನನ್ನ ಮಗಳ ಫೋಟೋಗಳಲ್ಲಿ ನನಗಂತೂ ಏನೂ ಕಂಡಿಲ್ಲ. ಅವಳದು ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ.

ಶಿವಮೊಗ್ಗದಿಂದ

ಬಿಗಿದ ಜಡೆಗೆ ಅಂಚು ಗಟ್ಟಿ, ಫೋನಿಗೂ ಸುಲಭ. ಬೇಡವೆನ್ನುವ ಅಗತ್ಯವಿಲ್ಲ, ಅದಕ್ಕೆ ಕೆಲಸ ಸುಲಭ ಮಾಡಿಕೊಟ್ಟರೆ ಸಾಕು. ಲೇಖಕಿ ಕಿಟಕಿಯಿಂದ ಎರಡು ಮೂರು ಮೀಟರ್ ಮುಂದೆ ಬಂದು ನಿಲ್ಲಲಿ. ನಿಜವಾದ ಮಸುಕೂ ಸ್ವಲ್ಪ ಸೇರುತ್ತದೆ, ಫೋನಿಗೆ ದೂರದ ವ್ಯತ್ಯಾಸವೂ ಚೆನ್ನಾಗಿ ತಿಳಿಯುತ್ತದೆ. ನರೆಗೂದಲಿನ ಹಿಂದೆ ಬೆಳಗುವ ಕಿಟಕಿ ಬೇಡ. ನೆರಳಿನಲ್ಲಿರುವ ಹಸಿರು ಗಿಡ ಅಥವಾ ಗಾಢ ಬಣ್ಣದ ಬರಿ ಗೋಡೆ ಇರಲಿ. ಸರಳು, ಜಾಲರಿ, ತೆಂಗಿನ ಗರಿಯಂಥ ಗೆರೆಗೆರೆಯ ವಸ್ತುಗಳು ದೋಷವನ್ನು ಎತ್ತಿ ತೋರಿಸುತ್ತವೆ. ಬಳಿಕ ಮಸುಕನ್ನು ಇಳಿಸಿ. f/1.4ರಲ್ಲಿ ಬೊಬ್ಬೆ ಹೊಡೆಯುವ ಅಂಚು f/5.6ರ ಹತ್ತಿರ ಬಹುಮಟ್ಟಿಗೆ ಸುಮ್ಮನಾಗುತ್ತದೆ, ಏಕೆಂದರೆ ಸ್ಪಷ್ಟ ಉಳಿದ ಚೂರಿಗೂ ಪಕ್ಕದ ಮಸುಕಿಗೂ ಆಗ ಅಂತರ ಕಡಿಮೆ. ಅಂಕಿಯ ಬದಲು ಬರೀ ಏರಿಳಿತದ ಪಟ್ಟಿ ಇರುವ ಫೋನುಗಳಲ್ಲಿ ಕಾಲುಭಾಗದಿಂದ ಶುರು ಮಾಡಿ.

ಧಾರವಾಡದಿಂದ, ಪ್ರಕಾಶಕಿ

ಸರಳನ್ನು ಹಿಡಿದು ನೋಡಿದೆ. ಎಡಗಡೆ ಮೂರನೆಯ ಸರಳು ಗುಂಗುರಿನ ಪಕ್ಕದಲ್ಲಿ ಹೊಸದಾಗಿ ಬಣ್ಣ ಬಳಿದಷ್ಟು ಸ್ಪಷ್ಟವಾಗಿದೆ. ಜುಮುಕಿಯ ಸಂದಿನಲ್ಲೂ ಹಾಗೆಯೇ. ಮಸುಕು ಇಳಿಸೋಣವೆಂದರೆ ನಮಗೆ ಬಂದಿರುವುದು ವಾಟ್ಸಾಪ್ ಪ್ರತಿ, ಅದರಲ್ಲಿ ಆ ಪಟ್ಟಿಯೇ ತೆರೆಯುತ್ತಿಲ್ಲ.

ಸೂಚನೆಯಲ್ಲಿ ‘ಮಸುಕು’ ಎಂದೇ ಬರೆಯುತ್ತೇನೆ. ಅಂಚಿಗೆ ಸದ್ಯಕ್ಕೆ ‘ಕತ್ತರಿ ಅಂಚು’ ಎಂದಿಟ್ಟುಕೊಂಡಿದ್ದೇನೆ.

ಶಿವಮೊಗ್ಗದಿಂದ

ದೂರದ ಲೆಕ್ಕ ಮೂಲ ಫೈಲಿನ ಜೊತೆಗಿರುತ್ತದೆ, ವಾಟ್ಸಾಪ್ ಪ್ರತಿಗೆ ಬರುವುದಿಲ್ಲ. ಫೋಟೋ ತೆಗೆದ ಫೋನಿನಲ್ಲೇ ಮಸುಕನ್ನು ಇಳಿಸಿ, ಮತ್ತೆ ಡಾಕ್ಯುಮೆಂಟ್ ಆಗಿ ಕಳುಹಿಸಲು ಹೇಳಿ.

ಮೈಸೂರಿನಿಂದ

‘ಕತ್ತರಿ ಅಂಚು’ ಎಂದರೆ ಕತ್ತರಿಯ ಅಲಗು ಎಂದೂ ಅರ್ಥವಾಗುತ್ತದೆ. ‘ಕತ್ತರಿಸಿದ ಅಂಚು’ ಇರಲಿ.

ಉಡುಪಿಯಿಂದ

ಚೌರಿಗೆ ಯಾರೂ ಉತ್ತರ ಕೊಡಲಿಲ್ಲ. ಜಡೆಯಲ್ಲಿ ಚೌರಿ ಇದ್ದರೆ ಫೋನು ಅದನ್ನು ಕೂದಲೆನ್ನುತ್ತದೆಯೋ, ಹಿನ್ನೆಲೆ ಎನ್ನುತ್ತದೆಯೋ?