ಸೋತ ಬಿಡ್‌ದಾರರಿಗೆ ಪತ್ರ: 'ನಿಮ್ಮ ದರ ಹೆಚ್ಚಾಯಿತು, ಮುಂದಿನ ಸಲ ಆದ್ಯತೆ' ಎಂದರೆ ಸಾಕೇ?

ಕಡತಕೋಣೆ:
ರಟ್ಟಿನ ಪೆಟ್ಟಿಗೆಗಳ ಒಂದು ವರ್ಷದ ಸರಬರಾಜಿಗೆ ಟೆಂಡರ್ ಕರೆದಿದ್ದೆವು. ನಮ್ಮದು ಖಾಸಗಿ ಕಾರ್ಖಾನೆ, ಬಂದ ಬಿಡ್ ಎರಡು. ತಾಂತ್ರಿಕಕ್ಕೆ 60 ಅಂಕ, ಬೆಲೆಗೆ 40. ಬೆಲೆಯ ಅಂಕವನ್ನು ಕನಿಷ್ಠ ದರ ÷ ಅವರ ದರ × 40 ಎಂದು ಲೆಕ್ಕ ಹಾಕಿದ್ದೇವೆ.

ಬಿ: ತಾಂತ್ರಿಕ 49, ಬೆಲೆ 40, ಒಟ್ಟು 89.
ಎ: ತಾಂತ್ರಿಕ 52, ಬೆಲೆ 35.7, ಒಟ್ಟು 87.7. ಇವರ ದರ ಬಿ ಗಿಂತ ಶೇ. 12 ಜಾಸ್ತಿ.

ಬಿ ಗೆದ್ದರು. ಆದರೆ ಎ ಅವರ ಪೆಟ್ಟಿಗೆ ನಿಜಕ್ಕೂ ಗಟ್ಟಿ, ಅವರನ್ನು ಕಳೆದುಕೊಳ್ಳಲು ಮನಸ್ಸಿಲ್ಲ. ಹೀಗೆ ಬರೆದಿದ್ದೇನೆ: "ನಿಮ್ಮ ದರ ಹೆಚ್ಚಾಗಿದ್ದ ಕಾರಣ ಆಯ್ಕೆಯಾಗಲಿಲ್ಲ. ಮುಂದಿನ ಟೆಂಡರ್‌ನಲ್ಲಿ ನಿಮಗೆ ಆದ್ಯತೆ ನೀಡುತ್ತೇವೆ." ಕಳಿಸಬಹುದಾ?

ತೂಕದಬಟ್ಟು:
ಕಳಿಸಬೇಡಿ. ತಾಂತ್ರಿಕ 52 ಹೇಗೆ ಬಂತು, ಬಿಡಿಸಿ ಹಾಕಿ.

ಕಡತಕೋಣೆ:
ಎ: ಗುಣಮಟ್ಟ 25ಕ್ಕೆ 24, ವಿತರಣಾ ಅವಧಿ 15ಕ್ಕೆ 9, ಸೇವೆ 20ಕ್ಕೆ 19.
ಬಿ: 21, 14, 14.
ನಾವು 10 ದಿನದಲ್ಲಿ ಬೇಕು ಅಂದಿದ್ದೆವು. ಎ 14 ದಿನ ಬರೆದಿದ್ದರು, ಬಿ 10.

ನೇರಮಾತು:
ಕಾರಣವನ್ನೇ ಬರೆಯಬೇಡಿ ಸರ್. 'ಆಯ್ಕೆಯಾಗಿಲ್ಲ, ಧನ್ಯವಾದ' ಎಂದು ಎರಡು ಸಾಲು ಸಾಕು. ಕಾರಣ ಕೊಟ್ಟಷ್ಟೂ ವಾದಕ್ಕೆ ದಾರಿ. ಗೆದ್ದವರು ಸಹಿ ಹಾಕಿ ಮೊದಲ ಲೋಡ್ ಬಂದ ಮೇಲೆ ಕಳಿಸಿದರೂ ನಡೆಯುತ್ತೆ.

ತೂಕದಬಟ್ಟು:
ನೇರಮಾತು ಅವರೇ, ಸಹಿ ಆಗುವವರೆಗೆ ಕಾಯಬೇಕು ಅನ್ನುವುದು ಸರಿ. ಬಿ ಹಿಂದೆ ಸರಿದರೆ ಎ ಅವರ ಬಿಡ್ ಇನ್ನೂ ಜೀವಂತ ಇರಬೇಕು. ಆದರೆ ಮೊದಲ ಲೋಡ್‌ವರೆಗೆ ಕಾದರೆ ಎ ಅವರ ಬಿಡ್‌ನ ಮಾನ್ಯತಾ ಅವಧಿ ಅಷ್ಟರಲ್ಲಿ ಮುಗಿದಿರಬಹುದು. ಈ ಆರ್ಡರ್‌ಗೆಂದು ಕಾಗದವನ್ನೋ ಯಂತ್ರದ ಸಮಯವನ್ನೋ ಅವರು ಸುಮ್ಮನೆ ಕಾಯ್ದಿಟ್ಟಿರುತ್ತಾರೆ. ಅವಧಿ ಮುಗಿಯುವಷ್ಟರಲ್ಲಿ ಸಹಿ ಆಗದಿದ್ದರೆ 'ತೀರ್ಮಾನ ಬಾಕಿ ಇದೆ, ಇಷ್ಟು ದಿನ ವಿಸ್ತರಿಸುವಿರಾ' ಎಂದು ಬರಹದಲ್ಲಿ ಕೇಳಿ. ಒಪ್ಪುವುದು ಬಿಡುವುದು ಅವರಿಗೆ ಬಿಟ್ಟದ್ದು. ಸಹಿ ಆದ ದಿನವೇ, ತಪ್ಪಿದರೆ ಮರುದಿನ, ಪತ್ರ ಹೋಗಲಿ. ಸರ್ಕಾರಿ ಖರೀದಿಯಾದರೆ ಈ ಮಾತು ಬಿಡಿ. ಯಾವಾಗ ಯಾರಿಗೆ ತಿಳಿಸಬೇಕು ಅನ್ನುವುದನ್ನು ಅಲ್ಲಿನ ನಿಯಮವೇ ಹೇಳುತ್ತದೆ.

ಈಗ ಕಾರಣದ ವಿಷಯ. 'ದರ ಹೆಚ್ಚು' ಅನ್ನುವುದು ಸುಳ್ಳಲ್ಲ, ಆದರೆ ಅವರನ್ನು ದಾರಿ ತಪ್ಪಿಸುತ್ತದೆ. ಅದೇ ದರಕ್ಕೆ 10 ದಿನ ಎಂದು ಬರೆದಿದ್ದರೆ ವಿತರಣೆಗೆ ಬಿ ಅವರಂತೆ 14 ಸಿಗುತ್ತಿತ್ತು. ಆಗ 57 + 35.7 = 92.7, ಆರಾಮಾಗಿ ಗೆಲ್ಲುತ್ತಿದ್ದರು. ನಿಮ್ಮ ಪತ್ರ ಓದಿದ ಎ ಮುಂದಿನ ಸಲ ಏನು ಮಾಡುತ್ತಾರೆ? ತೆಳು ಕಾಗದ ಹಾಕಿ ದರ ಇಳಿಸುತ್ತಾರೆ, 14 ದಿನವನ್ನು ಹಾಗೇ ಬಿಡುತ್ತಾರೆ. ಅವರಲ್ಲಿ ನಿಮಗೆ ಇಷ್ಟವಾದದ್ದೇ ಆ ಗಟ್ಟಿತನ, ಅದೇ ಹೋಗುತ್ತದೆ.

ಹಾಗಾಗಿ ಯಾವ ಒಂದು ಅಂಶ ಬದಲಾಗಿದ್ದರೆ ಫಲಿತಾಂಶ ತಿರುಗುತ್ತಿತ್ತು ಎಂದು ಲೆಕ್ಕ ಹಾಕಿ ನೋಡಿ, ಅದನ್ನು ಬರೆಯಿರಿ. ದರವನ್ನು ಸುಮಾರು ಶೇ. 3.5 ಇಳಿಸಿದ್ದರೂ ಅವರು ಬಿ ಅವರ ಸಮಕ್ಕೆ ಬರುತ್ತಿದ್ದರು, ನಿಜ. ಅದಕ್ಕೇ ಬೆಲೆಯ ಮಾತನ್ನು ಪೂರ್ತಿ ಮುಚ್ಚಿಡಬೇಡಿ, ಎರಡನೇ ಜಾಗದಲ್ಲಿಡಿ.

ಕಡತಕೋಣೆ:
ಹಾಗಾದರೆ ಅಂಕಪಟ್ಟಿಯನ್ನೇ ಲಗತ್ತಿಸಿಬಿಡಲಾ? ಅವರ ಅಂಕ ಮಾತ್ರ, ಬಿ ಅವರದ್ದು ಬೇಡ.

ತೂಕದಬಟ್ಟು:
ಎಡವುವುದು ಇಲ್ಲೇ. ಎ ಅವರಿಗೆ ತಮ್ಮ ದರ ಗೊತ್ತು, ಸೂತ್ರ ಟೆಂಡರ್ ದಾಖಲೆಯಲ್ಲಿದೆ. ನೀವು 35.7 ಎಂದು ಹೇಳಿದ ತಕ್ಷಣ ತಮ್ಮ ದರವನ್ನು 35.7ರಿಂದ ಗುಣಿಸಿ 40ರಿಂದ ಭಾಗಿಸಿದರೆ ಕನಿಷ್ಠ ದರ ಕೈಗೆ ಬರುತ್ತದೆ. ಇಬ್ಬರೇ ಇದ್ದಾಗ ಅದು ಬಿ ಅವರ ದರವೇ. ಬಿ ಅವರ ಹೆಸರೆತ್ತದೆಯೇ ಅವರ ದರ ಕೊಟ್ಟಂತಾಯಿತು. ತಾಂತ್ರಿಕ ಅಂಕಗಳನ್ನು ಅಂಶವಾರು ಕೊಡಿ. ಬೆಲೆಯನ್ನು ಮಾತಿನಲ್ಲಿ ಹೇಳಿ.

ಸರಕುಗಾಡಿ:
ನಾನು ಸರಬರಾಜುದಾರರ ಕಡೆಯವನು. ಸೋತ ಪತ್ರ ಬಂದು ಎರಡು ತಿಂಗಳಾಯ್ತು, ಬಿಡ್ ಠೇವಣಿ ಇನ್ನೂ ವಾಪಸ್ ಬಂದಿಲ್ಲ. ಯಾರನ್ನು ಕೇಳಬೇಕು?

ತೂಕದಬಟ್ಟು:
ಟೆಂಡರ್ ದಾಖಲೆಯಲ್ಲಿ ಠೇವಣಿ ವಾಪಸಾತಿಯ ಷರತ್ತು ಇರುತ್ತದೆ. ಅದರ ಸಂಖ್ಯೆ ನಮೂದಿಸಿ ಖರೀದಿ ವಿಭಾಗಕ್ಕೆ ಬರೆಯಿರಿ, ಲೆಕ್ಕಪತ್ರ ವಿಭಾಗಕ್ಕೂ ಒಂದು ಪ್ರತಿ ಹಾಕಿ. ಇಲ್ಲಿಯ ಪ್ರಶ್ನೆ ಬೇರೆ, ಆದರೂ ಕಡತಕೋಣೆಯವರು ಗಮನಿಸಲಿ: ಠೇವಣಿ ಪಡೆದಿದ್ದರೆ ಯಾವ ದಿನದೊಳಗೆ ವಾಪಸ್ ಎಂದು ಅದೇ ಪತ್ರದಲ್ಲಿ ಬರೆಯಿರಿ. ಹಣ ಹಿಡಿದಿಟ್ಟುಕೊಂಡು 'ಮುಂದೆಯೂ ಬನ್ನಿ' ಎಂದರೆ ಯಾರು ಬರುತ್ತಾರೆ?

ಕಡತಕೋಣೆ:
ನಾವು ಠೇವಣಿ ತೆಗೆದುಕೊಂಡಿಲ್ಲ. 'ಆದ್ಯತೆ' ಅನ್ನುವ ಪದದಲ್ಲಿ ಏನು ತಪ್ಪು?

ತೂಕದಬಟ್ಟು:
ಮುಂದಿನ ಟೆಂಡರ್‌ನಲ್ಲಿ ಅವರು ಮತ್ತೆ ಸೋತರೆ ಈ ಪತ್ರವನ್ನೇ ಹಿಡಿದು ಬರುತ್ತಾರೆ. ಗೆದ್ದರೆ ಉಳಿದವರು 'ಮೊದಲೇ ನಿಶ್ಚಯವಾಗಿತ್ತು' ಅನ್ನುತ್ತಾರೆ. ನೀವು ಕೊಡಬಹುದಾದದ್ದು ಆಹ್ವಾನ ಮಾತ್ರ. ಇದೇ ಕಾರಣಕ್ಕೆ ಮುಂದಿನ ಟೆಂಡರ್‌ನ ತಿಂಗಳು, ಪ್ರಮಾಣ ಇತ್ಯಾದಿಯನ್ನು ಇವರೊಬ್ಬರಿಗೇ ತಿಳಿಸಬಾರದು. ಹೀಗಿರಲಿ:

"ರಟ್ಟಿನ ಪೆಟ್ಟಿಗೆ ಟೆಂಡರ್‌ನಲ್ಲಿ ನಿಮ್ಮ ಬಿಡ್ ಆಯ್ಕೆಯಾಗಿಲ್ಲ ಎಂದು ತಿಳಿಸುತ್ತಿದ್ದೇವೆ. ಗುಣಮಟ್ಟಕ್ಕೆ 25ರಲ್ಲಿ 24, ಸೇವೆಗೆ 20ರಲ್ಲಿ 19 ಅಂಕ ಬಂದಿವೆ. ವಿತರಣಾ ಅವಧಿಗೆ 15ರಲ್ಲಿ 9 ಬಂದಿವೆ. ನಾವು ಕೇಳಿದ್ದು 10 ದಿನ, ನೀವು ನಮೂದಿಸಿದ್ದು 14 ದಿನ. ಬೆಲೆಯಲ್ಲಿ ನಿಮ್ಮದು ಕನಿಷ್ಠ ದರವಾಗಿರಲಿಲ್ಲ. ಒಟ್ಟು ಅಂಕದಲ್ಲಿ ಅಂತರ ಕಡಿಮೆ ಇತ್ತು. ನಿಮ್ಮ ಹೆಸರನ್ನು ಪ್ಯಾಕಿಂಗ್ ಸಾಮಗ್ರಿಯ ವೆಂಡರ್ ಪಟ್ಟಿಯಲ್ಲಿ ಉಳಿಸಿಕೊಂಡಿದ್ದೇವೆ. ಈ ವಿಭಾಗದ ಮುಂದಿನ ಟೆಂಡರ್ ಆಹ್ವಾನ ನೋಂದಾಯಿತ ಇಮೇಲ್‌ಗೆ ಬರುತ್ತದೆ. ಇದು ಆರ್ಡರ್‌ನ ಭರವಸೆಯಲ್ಲ."

ಕೊನೆಯ ಸಾಲು ಒರಟು ಅನ್ನಿಸಬಹುದು. ಇರಲಿ.

ಪತ್ರ ಕಳಿಸುವ ಮುನ್ನ ನಿಮ್ಮ ವೆಂಡರ್ ಪಟ್ಟಿಯನ್ನು ತೆರೆದು ನೋಡಿ. ಆಹ್ವಾನ ಕಳಿಸುವಾಗ ಎಷ್ಟೋ ಕಡೆ 'ಕಳೆದ 12 ತಿಂಗಳಲ್ಲಿ ಆರ್ಡರ್ ಪಡೆದವರು' ಎಂಬ ಫಿಲ್ಟರ್ ಹಾಕಿರುತ್ತಾರೆ. ಸೋತವರು ಅದರಲ್ಲಿ ತಾವಾಗಿಯೇ ಉದುರಿಹೋಗುತ್ತಾರೆ. ಅವರ ಪ್ರಮಾಣಪತ್ರದ ಅವಧಿ ಮುಗಿದರೂ ಅಷ್ಟೆ.

ನೇರಮಾತು:
ಕಾರಣ ಕೊಡಬಹುದು, ಒಪ್ಪಿದೆ. ಆದರೆ 'ಅಂತರ ಕಡಿಮೆ ಇತ್ತು' ಅನ್ನುವ ಸಾಲು ಬೇಡ. ಅದನ್ನು ಓದಿದವರು ನಾಳೆಯೇ ದರ ಇಳಿಸಿ ಫೋನ್ ಮಾಡುತ್ತಾರೆ.

ತೂಕದಬಟ್ಟು:
ಮಾಡಬಹುದು. ಆ ಸಾಲು ತೆಗೆದರೆ ಮುಂದಿನ ಸಲ ಬಿಡ್ ಹಾಕುವ ಉತ್ಸಾಹವೇ ಹೋಗಬಹುದು. ನಾನು ಇಡುತ್ತೇನೆ, ನೀವು ತೆಗೆಯುತ್ತೀರಿ.

ಕಡತಕೋಣೆ:
ಫಿಲ್ಟರ್ ನೋಡಿದೆ. ನಮ್ಮದರಲ್ಲಿ 12 ಅಲ್ಲ, 6 ತಿಂಗಳಿತ್ತು! ಎ ಹೆಸರಿಗೆ 'ಬಿಡ್ ಹಾಕಿದವರು' ಎಂಬ ಗುರುತು ಸೇರಿಸಿ ಆಹ್ವಾನಕ್ಕೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವಂತೆ ಬದಲಿಸಿದ್ದೇನೆ. ಬಿ ಸೋಮವಾರ ಸಹಿ ಹಾಕುತ್ತಾರೆ, ಪತ್ರ ಅಂದೇ ಸಂಜೆ ಹೋಗುತ್ತದೆ. ಅಂತರದ ಸಾಲಿನ ಬಗ್ಗೆ ಮ್ಯಾನೇಜರ್ ಅವರನ್ನು ಕೇಳಬೇಕು.