40 ಲಕ್ಷದ ಯಂತ್ರಕ್ಕೆ 15 ಲಕ್ಷ ತೆರಿಗೆ ಉಳಿತಾಯ: ಈ ಲೆಕ್ಕ ನಂಬಬಹುದೇ? ಅನುಭವ ಹಂಚಿಕೊಳ್ಳಿ

ಪೀಣ್ಯ ಎರಡನೇ ಹಂತ: ನಮ್ಮದು ಪಾಲುದಾರಿಕೆ ಸಂಸ್ಥೆ, ತೆರಿಗೆ 31.2%. ಜಿಎಸ್‌ಟಿ ಬಿಟ್ಟು 40 ಲಕ್ಷದ ಹೊಸ ವಿಎಂಸಿ ನೋಡಿದ್ದೇವೆ. ಬ್ಯಾಂಕ್ ಸಾಲ 30 ಲಕ್ಷ, 11%, ಐದು ವರ್ಷ. ಸವಕಳಿ ಮತ್ತು ಬಡ್ಡಿಯಿಂದ ಹದಿನೈದೂವರೆ ಲಕ್ಷ ತೆರಿಗೆಯಲ್ಲೇ ಉಳಿಯುತ್ತದೆ, ಹಾಗಾಗಿ ಯಂತ್ರದ ನಿಜವಾದ ಬೆಲೆ 25 ಲಕ್ಷ ಎಂದು ಮಾರಾಟದವರು ಹೇಳುತ್ತಾರೆ. ಯಂತ್ರ ಸೆಪ್ಟೆಂಬರ್ ಕೊನೆಗೆ ಬರಬಹುದು, ನವೆಂಬರ್‌ಗೂ ಹೋಗಬಹುದು. ಹೀಗೆ ಲೆಕ್ಕ ಹಾಕಿ ಖರೀದಿಸಿದವರು ಏನಾಯಿತು ಎಂದು ತಿಳಿಸಿ.

ಉದ್ಯಮಬಾಗ, ಬೆಳಗಾವಿ: ಸರ್, ಬಿಲ್ಲಿನ ತಾರೀಖು ನೋಡಬೇಡಿ, ಯಂತ್ರ ಓಡಿದ ತಾರೀಖು ನೋಡಿ. ನನ್ನ 36 ಲಕ್ಷದ ಯಂತ್ರ ಆಗಸ್ಟ್ 9ಕ್ಕೆ ಶೆಡ್ಡಿನಲ್ಲಿ ಇಳಿಯಿತು. ಅಡಿಪಾಯ ಸಿದ್ಧವಿತ್ತು, ಕ್ರೇನಿಗೆ ಕೊಟ್ಟಿದ್ದೆ, ಕಂಪನಿಯ ಎಂಜಿನಿಯರ್ ಬಂದು ಲೆವೆಲ್ ಮಾಡಿ ಹೋದರು. ಆದರೆ ವಿದ್ಯುತ್ ಲೋಡ್ ಹೆಚ್ಚಿಸಲು ಹಾಕಿದ ಅರ್ಜಿ ಅಲ್ಲಾಡಲಿಲ್ಲ. ಮೊದಲು ಟ್ರಾನ್ಸ್‌ಫಾರ್ಮರ್ ಸಾಲದು ಎಂದರು, ಆಮೇಲೆ ಠೇವಣಿ ಕಟ್ಟಿದ ರಸೀದಿಯೇ ಕಡತದಲ್ಲಿಲ್ಲ ಎಂದರು. ಮೊದಲ ಕಾಂಪೊನೆಂಟ್ ಹೊರಬಂದಿದ್ದು ಡಿಸೆಂಬರ್ 11ರಂದು.

ಅಕ್ಟೋಬರ್ 3ರ ಒಳಗೆ ಬಳಕೆಗೆ ಬಂದಿದ್ದರೆ ಮಾರ್ಚ್‌ಗೆ 180 ದಿನ ತುಂಬುತ್ತಿತ್ತು. ತುಂಬಲಿಲ್ಲ, ಆ ವರ್ಷದ ಸವಕಳಿ ಅರ್ಧವಾಯಿತು. ಅದಕ್ಕಿಂತ ನೋವು ಕೊಟ್ಟಿದ್ದು ಬಡ್ಡಿ. 27 ಲಕ್ಷದ ಸಾಲಕ್ಕೆ ಆ ನಾಲ್ಕು ತಿಂಗಳು ಕಟ್ಟಿದ ಬಡ್ಡಿ 99 ಸಾವಿರ. ಅದನ್ನು ಖರ್ಚಿಗೆ ಹಾಕಿ 31 ಸಾವಿರ ತೆರಿಗೆ ಉಳಿಸೋಣ ಎಂದುಕೊಂಡಿದ್ದೆ. ಯಂತ್ರ ಬಳಕೆಗೆ ಬರುವ ಮುಂಚಿನ ಬಡ್ಡಿಯನ್ನು ಯಂತ್ರದ ಬೆಲೆಗೇ ಸೇರಿಸಬೇಕು ಎಂದರು ಆಡಿಟರ್. ಆ 99 ಸಾವಿರದ ಮೇಲೆ ಮೊದಲ ವರ್ಷ ಉಳಿದ ತೆರಿಗೆ ಸುಮಾರು 5,400 ರೂಪಾಯಿ. ಉಳಿದದ್ದು ವರ್ಷಕ್ಕೆ ಇಷ್ಟಿಷ್ಟು ಎಂದು ಬರುತ್ತಲೇ ಇದೆ. ನವೆಂಬರ್ ಎಂದಾದರೆ ಸಾಲದ ಹಣ ಬಿಡುಗಡೆಯನ್ನೂ ತಡಮಾಡಿಸಿ.

ಗೋಕುಲ ರಸ್ತೆ, ಹುಬ್ಬಳ್ಳಿ: ತೆರಿಗೆ ಉಳಿತಾಯ ಎಂಬುದೇ ಸುಳ್ಳು. ನನಗೆ ಒಂದು ರೂಪಾಯಿಯೂ ಉಳಿಯಲಿಲ್ಲ. ನನ್ನದು ಒಬ್ಬನ ವ್ಯವಹಾರ, ವಹಿವಾಟು 1 ಕೋಟಿ 40 ಲಕ್ಷ, ಎಲ್ಲವೂ ಬ್ಯಾಂಕ್ ಮೂಲಕ. ಪ್ರತಿ ವರ್ಷ ವಹಿವಾಟಿನ 6% ಲಾಭ ಎಂದು ತೋರಿಸಿ ಅಂದಾಜು ಆದಾಯದ ಪದ್ಧತಿಯಲ್ಲಿ ತೆರಿಗೆ ಕಟ್ಟುತ್ತೇನೆ. 22 ಲಕ್ಷದ ಲೇಥ್ ತೆಗೆದುಕೊಂಡಾಗ ಇದೇ ರೀತಿಯ ಹಾಳೆಯನ್ನು ನನಗೂ ಕೊಟ್ಟಿದ್ದರು. ಸವಕಳಿ, ಬಡ್ಡಿ, ಒಟ್ಟು ಇಷ್ಟು ಲಕ್ಷ ಎಂದು ಬಣ್ಣದಲ್ಲಿ ಮುದ್ರಿಸಿದ್ದರು. ರಿಟರ್ನ್ ತುಂಬುವವರನ್ನು ಕೇಳಿದರೆ, ಆ 6%ರಲ್ಲಿ ಎಲ್ಲ ಖರ್ಚೂ ಕಳೆದಿದೆ ಎಂದೇ ಅರ್ಥ ಎಂದರು. ಬಡ್ಡಿಗೆ ಬೇರೆ ವಿನಾಯಿತಿ ಇಲ್ಲ, ಸವಕಳಿಗೂ ಇಲ್ಲ. ಸಿಗದ ಸವಕಳಿಯನ್ನು ಸಿಕ್ಕಿತೆಂದೇ ಭಾವಿಸಿ ಯಂತ್ರದ ಬಾಕಿ ಬೆಲೆಯನ್ನೂ ವರ್ಷವರ್ಷ ಇಳಿಸುತ್ತಾರೆ. ಲೆಕ್ಕಪುಸ್ತಕ ಇಟ್ಟು ಆಡಿಟ್ ಮಾಡಿಸಿ ಹೊರಬಂದರೆ ಐದು ವರ್ಷ ಮತ್ತೆ ಒಳಗೆ ಬರುವಂತಿಲ್ಲ. ನಾನು ಯಾರನ್ನೂ ನಂಬುವುದಿಲ್ಲ.

ಹೆಬ್ಬಾಳ, ಮೈಸೂರು: ಹುಬ್ಬಳ್ಳಿಯವರ ನೋವು ನಿಜ, ಆದರೆ ಅದು ಅವರು ಆರಿಸಿಕೊಂಡ ಪದ್ಧತಿಯ ಫಲ. ಎಲ್ಲರಿಗೂ ಸುಳ್ಳಲ್ಲ. ನಾನು ಬಿಡಿಭಾಗ ತಯಾರಿಸುವ ಘಟಕವೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ವೆಚ್ಚದ ಲೆಕ್ಕ ನೋಡುತ್ತಿದ್ದೇನೆ. ಈ ಹದಿನೈದೂವರೆ ಲಕ್ಷ ಎಲ್ಲಿಂದ ಬಂತು ಎಂದು ಹೇಳುತ್ತೇನೆ. 40 ಲಕ್ಷದ 31.2% ಎಂದರೆ 12.48 ಲಕ್ಷ. ವರ್ಷಕ್ಕೆ 6 ಲಕ್ಷ ಅಸಲು ತೀರಿಸಿದರೆ ಐದು ವರ್ಷದ ಬಡ್ಡಿ 9.90 ಲಕ್ಷ, ಅದರ 31.2% ಎಂದರೆ 3.09 ಲಕ್ಷ. ಕೂಡಿಸಿದರೆ 15.57. ಹದಿನೈದು ವರ್ಷದ ನಂತರ ಬರುವ ರೂಪಾಯಿಯನ್ನೂ ಇಂದಿನ ರೂಪಾಯಿ ಎಂದು ಎಣಿಸಿದ್ದಾರೆ.

ಸವಕಳಿ ವರ್ಷಕ್ಕೆ 15%, ಅದೂ ಬಾಕಿ ಬೆಲೆಯ ಮೇಲೆ. ಹೀಗಾಗಿ ಬಾಲ ಬಹಳ ಉದ್ದ. ಆ ಬಾಲವನ್ನೆಲ್ಲ ಸೇರಿಸಿ 12% ದರದಲ್ಲಿ ಇಂದಿನ ಬೆಲೆಗೆ ಇಳಿಸಲು ಒಂದೇ ಸಾಲು ಸಾಕು:

```
40 × 0.15 × 0.312 / (0.12 + 0.15) = 6.93
```

ನೀವು ತಯಾರಿಕಾ ಘಟಕದವರು, ಯಂತ್ರ ಹೊಸದು, ಹಾಗಾಗಿ ಮೊದಲ ವರ್ಷ 20% ಹೆಚ್ಚುವರಿ ಸವಕಳಿಯೂ ಇದೆ. ಮೊದಲ ವರ್ಷವೇ 14 ಲಕ್ಷ ಸವಕಳಿ ಸಿಗುವುದರಿಂದ 6.93 ಎಂಬುದು 7.92 ಲಕ್ಷಕ್ಕೆ ಏರುತ್ತದೆ. ಅಕ್ಟೋಬರ್ 3 ದಾಟಿದರೆ ಎರಡೂ ಅರ್ಧವಾಗುತ್ತವೆ. ಹೆಚ್ಚುವರಿಯ ಉಳಿದ ಅರ್ಧ ಮುಂದಿನ ವರ್ಷ ಸಿಗುತ್ತದೆ, ಒಟ್ಟು 7.50 ಲಕ್ಷ. ಅಂದರೆ ನವೆಂಬರ್‌ಗೆ ಹೋದರೆ ನಿಮಗೆ ನಷ್ಟ ಸುಮಾರು 42 ಸಾವಿರ, ಅದಕ್ಕಿಂತ ಹೆಚ್ಚಲ್ಲ. ಅದಕ್ಕಾಗಿ ಅರೆಬರೆ ಅಡಿಪಾಯದ ಮೇಲೆ ಯಂತ್ರ ಕೂರಿಸಬೇಡಿ. ಬಡ್ಡಿಯಿಂದ ಉಳಿಯುವ ತೆರಿಗೆ ಸಾಲದ 11% ದರದಲ್ಲಿ ಇಂದಿನ ಬೆಲೆಗೆ 2.44 ಲಕ್ಷ.

ಎಚ್ಚರ ಇರಬೇಕಾದುದು ಇಲ್ಲಿ. ಯಂತ್ರದ ಗಳಿಕೆಯನ್ನು ಬಂಡವಾಳದ ಸರಾಸರಿ ವೆಚ್ಚದಿಂದ ಇಳಿಸುವಾಗ ಸಾಲದ ದರವನ್ನು 11 ಎಂದು ಹಾಕದೆ, ತೆರಿಗೆ ಕಳೆದು 7.57 ಎಂದು ಹಾಕಿದ್ದೀರಾದರೆ, ಬಡ್ಡಿಯ ಉಳಿತಾಯ ಆ ದರದೊಳಗೇ ಸೇರಿಹೋಗಿದೆ. ಮತ್ತೆ 2.44 ಸೇರಿಸಿದರೆ ಒಂದೇ ಹಣವನ್ನು ಎರಡು ಸಲ ಎಣಿಸಿದಂತೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಾಗೇ ಮಾಡಿದ್ದೆ. ಹಾಗೆ ಎರಡು ಸಲ ಎಣಿಸಿದ ಹಣದ ಬಲದಿಂದಲೇ ಒಂದು ಗ್ರೈಂಡರ್ ಖರೀದಿಗೆ ಒಪ್ಪಿಗೆ ಸಿಕ್ಕಿತ್ತು. ಆ ಯಂತ್ರ ಇಂದಿಗೂ ಅರ್ಧ ಪಾಳಿ ಖಾಲಿ ನಿಂತಿರುತ್ತದೆ, ಅದರ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಚುಚ್ಚುತ್ತದೆ.

ಮಾಚೇನಹಳ್ಳಿ, ಶಿವಮೊಗ್ಗ: ಇಷ್ಟೆಲ್ಲ ಏಕೆ ಮೇಡಂ? ಬಡ್ಡಿಗೆ ತೆರಿಗೆ ಉಳಿಯುತ್ತದೆ ಎಂದಾದರೆ 30 ಲಕ್ಷದ ಬದಲು 36 ಲಕ್ಷ ಸಾಲ ಮಾಡಿ, ಉಳಿತಾಯವೂ ಹೆಚ್ಚುತ್ತದೆ. ನಾನು ಹಾಗೇ ಮಾಡಿದವನು. ಹನ್ನೊಂದು ವರ್ಷ ಹಳೆಯ ಜಪಾನಿ ಯಂತ್ರವನ್ನು 17 ಲಕ್ಷಕ್ಕೆ ತಂದೆ, ಬಹುಪಾಲು ಸಾಲ. ಐದು ವರ್ಷದಿಂದ ಎರಡು ಪಾಳಿ ಓಡುತ್ತಿದೆ. ಹೊಸದಕ್ಕೆ 40 ಸುರಿಯುವವರನ್ನು ಕಂಡರೆ ಸಂಕಟವಾಗುತ್ತದೆ.

ಹೆಬ್ಬಾಳ, ಮೈಸೂರು: ಒಂದು ರೂಪಾಯಿ ಬಡ್ಡಿ ಕಟ್ಟಿದರೆ 31 ಪೈಸೆ ಉಳಿಯುತ್ತದೆ, 69 ಪೈಸೆ ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಉಳಿತಾಯಕ್ಕಾಗಿ ಸಾಲ ಹೆಚ್ಚಿಸಿ ಎಂದು ದಯವಿಟ್ಟು ಯಾರಿಗೂ ಹೇಳಬೇಡಿ. ಹಳೆಯ ಯಂತ್ರಕ್ಕೆ ಆ 20% ಹೆಚ್ಚುವರಿ ಸವಕಳಿಯೂ ಇಲ್ಲ. ನಿಮ್ಮ ಹಾಳೆಯಲ್ಲಿ ಅದನ್ನು ಸೇರಿಸಿಕೊಂಡಿದ್ದೀರಾ?

ಮಾಚೇನಹಳ್ಳಿ, ಶಿವಮೊಗ್ಗ: ನನಗೆ ಹಾಳೆಯೇ ಬೇಕಿಲ್ಲ. 23 ಲಕ್ಷ ಕಡಿಮೆ ಕೊಟ್ಟಿದ್ದೇನೆ, ಅದರ ಮುಂದೆ ನಿಮ್ಮ ಒಂದು ಲಕ್ಷ ಯಾವ ಲೆಕ್ಕ?

ಉದ್ಯಮಬಾಗ, ಬೆಳಗಾವಿ: ಸ್ಪಿಂಡಲ್ ಬದಲಿಸಿದ ಖರ್ಚನ್ನೂ ಹೇಳಿ ಅಣ್ಣ. ಹಳೆಯ ಯಂತ್ರದವರು ಅದೊಂದನ್ನು ಮಾತ್ರ ಹೇಳುವುದಿಲ್ಲ. ನಮ್ಮ ಪಕ್ಕದ ಶೆಡ್ಡಿನವರು ಸ್ಪಿಂಡಲ್ ಬರುವವರೆಗೆ ಏಳು ವಾರ ಕೈಕಟ್ಟಿ ಕುಳಿತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮಾಚೇನಹಳ್ಳಿ, ಶಿವಮೊಗ್ಗ: ಒಂದು ಸಲ ಬದಲಿಸಿದ್ದೇನೆ, ಮೂರು ಲಕ್ಷ ಚಿಲ್ಲರೆ. ಬಚ್ಚಿಡುವಂಥದ್ದೇನೂ ಇಲ್ಲ. ದುರಸ್ತಿ ಖರ್ಚು ಆ ವರ್ಷವೇ ಪೂರ್ತಿ ಕಳೆಯುತ್ತದೆ, ನಿಮ್ಮ ಸವಕಳಿಯಂತೆ ಬಾಲ ಎಳೆಯುವುದಿಲ್ಲ. ಯಂತ್ರವನ್ನು ನಾಲ್ಕು ತಿಂಗಳು ಸುಮ್ಮನೆ ನಿಲ್ಲಿಸಿಕೊಂಡವರಿಂದ ನಾನು ಪಾಠ ಕಲಿಯಬೇಕಿಲ್ಲ.

ಉದ್ಯಮಬಾಗ, ಬೆಳಗಾವಿ: ನಿಲ್ಲಿಸಿಕೊಂಡಿದ್ದು ನಾನಲ್ಲ. ನಲವತ್ತು ಸಲ ಆ ಕಚೇರಿಗೆ ಅಲೆದಿದ್ದೇನೆ. ಮಾತು ಅಳೆದು ಆಡಿ.

ಬೊಮ್ಮಸಂದ್ರ: ಜಗಳ ಸಾಕು. ನನಗೆ ಪೆಟ್ಟು ಬಿದ್ದಿದ್ದು ಬೇರೆ ಕಡೆ. ತೆರಿಗೆ ಉಳಿಯಬೇಕಾದರೆ ಮೊದಲು ಕಟ್ಟಬೇಕಾದ ತೆರಿಗೆ ಇರಬೇಕು. ನಾನು ಯಂತ್ರ ತಂದ ವರ್ಷವೇ ದೊಡ್ಡ ಗಿರಾಕಿ ಆರ್ಡರ್ ನಿಲ್ಲಿಸಿದ. ಮೂರು ವರ್ಷ ಲಾಭವೇ ಇಲ್ಲ. ಸವಕಳಿಗೆ ಕಾಲಮಿತಿ ಇಲ್ಲ, ಮುಂದಕ್ಕೆ ಒಯ್ಯಬಹುದು ಎಂದು ಆಡಿಟರ್ ಸಮಾಧಾನ ಹೇಳಿದರು. ಒಯ್ದೆ. ಆದರೆ ಬ್ಯಾಂಕ್ ಕಂತು ಮುಂದಕ್ಕೆ ಹೋಗಲಿಲ್ಲ. ಪೀಣ್ಯದವರ ಅಂಕಿಯಲ್ಲೇ ಹೇಳುವುದಾದರೆ, ಮೊದಲ ವರ್ಷದ 14 ಲಕ್ಷ ಸವಕಳಿಯಿಂದ ಉಳಿಯುವ 4.37 ಲಕ್ಷ ಇಂದಿನ ಬೆಲೆಗೆ 3.90. ಅದೇ ಹಣ ಮೂರು ವರ್ಷ ತಡವಾಗಿ ಬಂದರೆ 2.78. ಒಂದು ಲಕ್ಷ 12 ಸಾವಿರ ಗಾಳಿಗೆ ಹೋಯಿತು. ಮೇಡಂ, ನಿಮ್ಮ 12% ದರವೂ ನನಗೆ ಒಪ್ಪಿಗೆಯಿಲ್ಲ. ಲಾಭವೇ ಅನಿಶ್ಚಿತವಾದಾಗ ತೆರಿಗೆ ಉಳಿತಾಯ ಹೇಗೆ ನಿಶ್ಚಿತ? ನಾನು 18% ಹಾಕುತ್ತೇನೆ. ಆಗ ಆ 7.92 ಬರೀ 6.83 ಆಗುತ್ತದೆ.

ಹೆಬ್ಬಾಳ, ಮೈಸೂರು: ಪ್ರತಿ ವರ್ಷ ಲಾಭ ಬರುವ ಸಂಸ್ಥೆಗೆ ಸವಕಳಿಯ ಉಳಿತಾಯ ಯಂತ್ರದ ಗಳಿಕೆಗಿಂತ ಗಟ್ಟಿ, ಅದಕ್ಕೆ ಕಡಿಮೆ ದರ ಹಾಕುವುದು ತಪ್ಪಲ್ಲ. ನಿಮ್ಮಂತೆ ಒಂದೇ ಗಿರಾಕಿಯನ್ನು ನೆಚ್ಚಿಕೊಂಡವರಿಗೆ 18% ಸರಿಯಿರಬಹುದು.

ಬೊಮ್ಮಸಂದ್ರ: ಪೀಣ್ಯದಲ್ಲಿ ಒಂದೇ ಗಿರಾಕಿಯನ್ನು ನೆಚ್ಚಿಕೊಳ್ಳದವರು ಎಷ್ಟು ಮಂದಿ ಇದ್ದಾರೆ, ನೀವೇ ಹೇಳಿ.

ಪೀಣ್ಯ ಎರಡನೇ ಹಂತ: ಎಲ್ಲರಿಗೂ ಕೃತಜ್ಞತೆ. ನಮಗೆ ಮೂವರು ಗಿರಾಕಿಗಳು, ಒಬ್ಬರೇ 60% ಕೊಡುತ್ತಾರೆ. ಬರೆಯದೆ ಬಿಟ್ಟಿದ್ದು ಒಂದಿದೆ. ಹಳೆಯ ವಿಎಂಸಿಯನ್ನು 9 ಲಕ್ಷಕ್ಕೆ ಮಾರುತ್ತಿದ್ದೇವೆ. ಅದರ ಬಾಕಿ ಬೆಲೆ ಹೆಚ್ಚುಕಡಿಮೆ ತೀರಿದೆ. ಉಳಿದ ಯಂತ್ರಗಳ ಬಾಕಿ ಬೆಲೆ 20 ಲಕ್ಷದ ಮೇಲಿದೆ.

ಹೆಬ್ಬಾಳ, ಮೈಸೂರು: ಇದನ್ನು ಮೊದಲೇ ಹೇಳಬೇಕಿತ್ತು. 15% ದರದ ಯಂತ್ರಗಳೆಲ್ಲ ಒಂದೇ ಗುಂಪು. ಮಾರಿದ 9 ಲಕ್ಷವನ್ನು ಆ ಗುಂಪಿನಿಂದ ಕಳೆಯುತ್ತಾರೆ. ಅಷ್ಟರ ಮೇಲಿನ ಸವಕಳಿ ಮುಂದೆಂದೂ ಸಿಗುವುದಿಲ್ಲ. ಅದೇ ಸೂತ್ರದಲ್ಲಿ ಹಾಕಿದರೆ 1.56 ಲಕ್ಷ ನಷ್ಟ. ಹಾಗಾಗಿ ಹಳೆಯದರಿಂದ ನಿಮ್ಮ ಕೈಗೆ ಬರುವುದು 9 ಅಲ್ಲ, ಏಳೂವರೆಗಿಂತ ಕಡಿಮೆ. ಮಾರ್ಚ್ ಒಳಗೆ ಮಾರದೆ ಏಪ್ರಿಲ್‌ನಲ್ಲಿ ಮಾರಿದರೆ ಆ ನಷ್ಟ ಒಂದು ವರ್ಷ ಮುಂದೆ ಹೋಗುತ್ತದೆ, ಸುಮಾರು 17 ಸಾವಿರ ಉಳಿಯುತ್ತದೆ.

ಮಾಚೇನಹಳ್ಳಿ, ಶಿವಮೊಗ್ಗ: 17 ಸಾವಿರಕ್ಕಾಗಿ ಏಪ್ರಿಲ್‌ವರೆಗೆ ಕಾಯುವ ಖರೀದಿದಾರ ಯಾರು? ನಿಮ್ಮ ಹಳೆಯ ಯಂತ್ರ ಯಾವ ವರ್ಷದ್ದು, ಯಾವ ಕಂಟ್ರೋಲರ್, ತಿಳಿಸಿ. ಸ್ಥಿತಿ ಚೆನ್ನಾಗಿದ್ದರೆ ನಾನೇ ಬಂದು ನೋಡುತ್ತೇನೆ.

ಉದ್ಯಮಬಾಗ, ಬೆಳಗಾವಿ: ಸ್ಪಿಂಡಲ್ ತಿರುಗಿಸಿ ನೋಡಿಯೇ ಮುಂಗಡ ಕೊಡಿ.