ಇಂಟರ್‌ವ್ಯೂನಲ್ಲಿ ಮದುವೆ, ವಯಸ್ಸು, ಮಕ್ಕಳ ಪ್ಲಾನ್ ಕೇಳಿದ್ರೆ ನೀವೇನ್ ಹೇಳಿದ್ರಿ? ಅನುಭವ ಹೇಳಿ

ಹೊಸಹಾದಿ: ಫೋನ್ ರೌಂಡಲ್ಲೇ ರಿಕ್ರೂಟರ್ "ಮದುವೆ ಆಗಿದ್ಯಾ, ಸದ್ಯಕ್ಕೆ ಮಗು ಪ್ಲಾನ್ ಏನಾದ್ರೂ ಇದ್ಯಾ" ಅಂದ್ರು, ಹೆಂಗೋ ಮಾತು ಮರೆಸಿದೆ. ಮುಂದಿನ ರೌಂಡಲ್ಲಿ ಮತ್ತೆ ಕೇಳೇ ಕೇಳ್ತಾರೆ. ನಂಗೆ 31, ಮದುವೆಯಾಗಿದೆ, ಮಕ್ಕಳಿಲ್ಲ. ಕೆಲಸ ಬೇಕು, ಸುಳ್ಳು ಹೇಳೋಕೆ ಮನಸ್ಸಿಲ್ಲ. ನೀವೆಲ್ಲ ಏನ್ ಹೇಳಿದ್ರಿ?

ಕಡಲತೀರ: ನಾನು ಮುಖದ ಮೇಲೇ ಹೇಳ್ದೆ, ಈ ಪ್ರಶ್ನೆಗೂ ಈ ಕೆಲಸಕ್ಕೂ ಏನ್ ಸಂಬಂಧ ಅಂತ. ಆ ಕಡೆ ಇದ್ದವರು ಸಾರಿ ಕೇಳಿದ್ರು, ಸಂಬಳ ಮಾತಾಡಿದ್ರು, "ನೀವು ಸೆಲೆಕ್ಟ್ ಆದಂಗೇ, ಲೆಟರ್ ಬರತ್ತೆ, ಅಲ್ಲಿ ರಿಸೈನ್ ಮಾಡಿ, ಬೇಗ ಜಾಯಿನ್ ಆಗ್ಬೇಕು" ಅಂದ್ರು. ಮಾಡಿದೆ. ಲೆಟರ್ ಬರಲೇ ಇಲ್ಲ. ಮೊದಲು ಅಪ್ರೂವಲ್ ಬಾಕಿ ಅಂದ್ರು, ಆಮೇಲೆ ಬಜೆಟ್ ಅಂದ್ರು, ಕೊನೆಗೆ ಪೊಸಿಷನ್ ಹೋಲ್ಡ್ ಅಂತ ಒಂದು ಸಾಲಿನ ಮೇಲ್. ಅದೇ ಪೊಸಿಷನ್ ಅದೇ ತಿಂಗಳು ಮತ್ತೆ ಪೋಸ್ಟ್ ಆಗಿತ್ತು, ಅಕ್ಷರ ಕೂಡ ಬದಲಾಗಿರ್ಲಿಲ್ಲ. ಹಳೇ ಆಫೀಸಲ್ಲಿ ನನ್ ಜಾಗಕ್ಕೆ ಆಗ್ಲೇ ಇನ್ನೊಬ್ರನ್ನ ತಗೊಂಡಿದ್ರು, ರಿಸಿಗ್ನೇಷನ್ ವಾಪಸ್ ತಗೋತೀನಿ ಅಂದ್ರೆ ಸಿಸ್ಟಮ್‌ನಲ್ಲಿ ಕ್ಲೋಸ್ ಆಗಿದೆ ಅಂದ್ರು. ನೋಟಿಸ್ ಪೂರ್ತಿ ಮಾಡದೆ ಬೇಗ ಬಿಡೋಕೆ ಹೊರಟಿದ್ನಲ್ಲ, ಆ ದಿನಗಳ ದುಡ್ಡು ಕೊನೇ ಸಂಬಳದಲ್ಲಿ ಕಟ್. ರಜೆ ಬಾಕಿ ಇದ್ದಿದ್ದಕ್ಕೂ ದುಡ್ಡು ಬರ್ಲಿಲ್ಲ. ಆಮೇಲಿನ ಪ್ರತಿ ಇಂಟರ್‌ವ್ಯೂನಲ್ಲೂ "ಗ್ಯಾಪ್ ಯಾಕೆ" ಅಂತ ಕೇಳ್ತಿದ್ರು. ಆದ್ರೂ ನಾಳೆ ಕೇಳಿದ್ರೂ ಅದೇ ಉತ್ತರ ಕೊಡ್ತೀನಿ.

ಎರಡನೇಶಿಫ್ಟ್: ಈ ಪ್ರಶ್ನೆ ಕೇಳೋದೇ ಕ್ರೈಮ್ ರೀ, ಜಗತ್ತಲ್ಲಿ ಎಲ್ಲಾ ಕಡೆ. ಕಾಲ್ ರೆಕಾರ್ಡ್ ಮಾಡಿ ಕಂಪ್ಲೇಂಟ್ ಕೊಡಿ, ಓಡಿ ಬರ್ತಾರೆ.

ಕರಿಕೋಟು: ಎರಡನೇಶಿಫ್ಟ್ ಅವ್ರೇ, ಹಂಗಿಲ್ಲ. ಅಮೆರಿಕದಲ್ಲೇ ಫೆಡರಲ್ ಕಾನೂನು ವಯಸ್ಸು ಕೇಳೋದನ್ನ ನೇರವಾಗಿ ನಿಷೇಧಿಸಿಲ್ಲ. 1967ರ ಕಾನೂನು ತಡೆಯೋದು 40 ತುಂಬಿದವ್ರನ್ನ ವಯಸ್ಸಿನ ಕಾರಣಕ್ಕೆ ಬಿಡೋದನ್ನ. ಪ್ರಶ್ನೆ ಕೇಳಿದ್ದು ಬೇರೆ, ಉತ್ತರ ಇಟ್ಕೊಂಡು ನಿಮ್ಮನ್ನ ಕೈಬಿಟ್ಟಿದ್ದು ಬೇರೆ, ಆ ಎರಡನೇದನ್ನ ಸಾಬೀತು ಮಾಡೋದ್ರಲ್ಲೇ ಜನ ಸೋಲ್ತಾರೆ. ಕಡಲತೀರ ಅವ್ರ ಕೇಸೇ ನೋಡಿ, ಮೇಲ್‌ನಲ್ಲಿ ಇರೋದು "ಹೋಲ್ಡ್" ಅನ್ನೋ ಪದ ಅಷ್ಟೇ. ಪ್ರಶ್ನೆ ಎಲ್ಲೂ ಬರಹದಲ್ಲಿಲ್ಲ.

ಬಿಳಿಹಲಗೆ: ವರ್ಷಗಟ್ಟಲೆ ಆ ಕಡೆ ಕುರ್ಚೀಲಿ ಕೂತಿದೀನಿ, ಇಂಟರ್‌ವ್ಯೂ ಪ್ಯಾನೆಲ್‌ನಲ್ಲಿ. ಈ ಪ್ರಶ್ನೆ ಕೇಳೋ ಮ್ಯಾನೇಜರ್ ತಲೇಲಿ ಇರೋದು ಮಗು ಅಲ್ಲ, "ಈ ಪ್ರಾಜೆಕ್ಟ್ ಮಧ್ಯ ನಾಲ್ಕೈದು ತಿಂಗಳು ಸೀಟ್ ಖಾಲಿ ಆದ್ರೆ ನಾನೇನ್ ಮಾಡ್ಲಿ" ಅನ್ನೋ ಲೆಕ್ಕ. ಅದಕ್ಕೆ ನಮ್ ತಂಗಿಗೆ ಹೇಳಿಕೊಟ್ಟಿದ್ದು ಇಷ್ಟೇ. ಮಗು ಪ್ಲಾನ್ ಕೇಳಿದ್ರು. ಅವಳು ನಗ್ತಾ, "ನಿಮ್ಗೆ ಟ್ರಾವೆಲ್ ಬಗ್ಗೆ ಯೋಚನೆ ಇರ್ಬೋದು ಅನ್ಸತ್ತೆ, ಈ ರೋಲ್‌ಗೆ ಬೇಕಾದ ಓಡಾಟ, ಟೈಮಿಂಗ್ ಎರಡೂ ನಂಗೆ ಆಗತ್ತೆ, ತಿಂಗಳಿಗೆ ಎಷ್ಟು ದಿನ ಇರತ್ತೆ?" ಅಂದ್ಲು. ಕೊನೇಲಿ ಪ್ರಶ್ನೆ ಇರೋದ್ರಿಂದ ಮಾತಾಡೋ ಸರದಿ ಅವ್ರದ್ದಾಯ್ತು. ಇನ್ನೊಂದ್ಸಲ ಕೇಳಿದಾಗ, "ಮನೆ ವಿಷಯ ನಾನು ಇಂಟರ್‌ವ್ಯೂಗೆ ತರಲ್ಲ ಸರ್, ಕೆಲಸಕ್ಕೆ ಸಂಬಂಧಪಟ್ಟ ಷರತ್ತು ಏನಿದ್ರೂ ಹೇಳಿ" ಅಂದ್ಲು, ಅದೇ ದನಿ, ಸಿಟ್ಟಿಲ್ಲ. ಸಂಜೆ ಥ್ಯಾಂಕ್ಸ್ ಮೇಲ್ ಹಾಕಿದ್ಲು, ಅದ್ರಲ್ಲಿ "ಕುಟುಂಬದ ಬಗ್ಗೆ ತಾವು ಕೇಳಿದಾಗ ಹೇಳಿದಂತೆ, ಪ್ರಯಾಣ ಮತ್ತು ಸಮಯಕ್ಕೆ ನನ್ನ ಅಡ್ಡಿಯಿಲ್ಲ" ಅಂತ ಒಂದು ಸಾಲು. ಪ್ರಶ್ನೆ ಕೇಳಿದ್ರು ಅನ್ನೋದಕ್ಕೆ ತಾರೀಖಿನ ಸಮೇತ ಗುರುತು ಉಳೀತು. ಆಫರ್ ಬಂತು. ಆದ್ರೆ ಓಡಾಟ ನಿಜವಾಗ್ಲೂ ಆಗ್ದೇ ಇರೋರು ಈ ಮಾತು ಹೇಳ್ಬೇಡಿ, ಜಾಯಿನ್ ಆದ್ಮೇಲೆ ಅದನ್ನೇ ಹಿಡ್ಕೋತಾರೆ.

ಕಡಲತೀರ: ಅಂದ್ರೆ ತಪ್ಪು ಪ್ರಶ್ನೆ ಕೇಳಿದವ್ರನ್ನ ನಾವು ನಗ್ತಾ ಸಮಾಧಾನ ಮಾಡ್ಬೇಕು! ನೀವು ಪ್ಯಾನೆಲ್‌ನಲ್ಲಿ ಕೂತಿದ್ರಲ್ಲ, ಪಕ್ಕದವ್ರು ಇಂಥದ್ದು ಕೇಳ್ದಾಗ ಬಾಯಿ ಬಿಟ್ರಾ?

ಬಿಳಿಹಲಗೆ: ಬಿಟ್ಟಿದೀನಿ ಮೇಡಂ. ಪ್ರಶ್ನೆ ಅಲ್ಲೇ ನಿಲ್ಸಿದೀನಿ. ನಿಮ್ ಸಿಟ್ಟು ನನ್ ಮೇಲೆ ಯಾಕೆ?

ಮೌನರಾಗ: ನಾನು ಸಿಂಗಲ್ ಅಂತಾನೇ ಹೇಳ್ದೆ, ಒಂಚೂರೂ ಬೇಜಾರಿಲ್ಲ, ಕೇಳಬಾರದ್ದು ಕೇಳಿದವ್ರಿಗೆ ನಿಜ ಹೇಳೋ ಸಾಲ ನಂಗಿಲ್ಲ. ತೊಂದ್ರೆ ಆಗಿದ್ದು ಜಾಯಿನ್ ಆದ್ಮೇಲೆ. ಗ್ರೂಪ್ ಇನ್ಶೂರೆನ್ಸ್ ಫಾರ್ಮಲ್ಲಿ ಗಂಡನ ಹೆಸರು ಹಾಕ್ಬೇಕು, ಹಾಕಿದ್ರೆ ಅದೇ ಎಚ್‌ಆರ್ ನೋಡ್ತಾರೆ. ಪ್ರೊಬೇಷನ್ ಮುಗೀಲಿ ಅಂತ ಬಿಟ್ಟೆ. ಹೆಸರು ಸೇರ್ಸೋ ಅವಧಿ ಮುಗೀತು, ಮತ್ತೆ ಅವಕಾಶ ಪಾಲಿಸಿ ರಿನ್ಯೂ ಆಗೋವಾಗ್ಲೇ ಅಂದ್ರು. ಆ ಮಧ್ಯ ಗಂಡಂಗೆ ಹರ್ನಿಯಾ ಆಪರೇಷನ್. ರೂಮು, ಅನಸ್ತೇಶಿಯಾ, ಮೆಶ್, ಒಂದೊಂದು ಬಿಲ್ಲೂ ಕೈಯಿಂದಾನೇ. ಫೈಲ್ ಇವತ್ತಿಗೂ ಇಟ್ಕೊಂಡಿದೀನಿ.

ಕರಿಕೋಟು: ಇದ್ರಲ್ಲೇ ಗೊತ್ತಾಗತ್ತೆ ನೋಡಿ, ಆಫರ್ ಲೆಟರ್‌ಗಿಂತ ಮುಂಚೆ ಕೇಳೋದು ಬೇರೆ, ಆಮೇಲೆ ಇನ್ಶೂರೆನ್ಸ್, ನಾಮಿನಿ ಅಂತ ಕೇಳೋದು ಬೇರೆ. ಆಮೇಲಿನದ್ದಕ್ಕೆ ನಿಜಾನೇ ಬರೀಬೇಕು. ಸುಳ್ಳಿನ ಬಗ್ಗೆ ಒಂದು ಹಳೇ ಕೇಸಿದೆ, ನೀರಾ ಮಾಥುರ್ ವರ್ಸಸ್ ಎಲ್‌ಐಸಿ, ಸುಪ್ರೀಂ ಕೋರ್ಟ್, 1991. ಕೆಲಸಕ್ಕೆ ಸೇರೋವಾಗ ಡಿಕ್ಲರೇಷನ್ ಫಾರ್ಮಲ್ಲಿ ಮುಟ್ಟಿನ ವಿವರ, ಎಷ್ಟು ಸಲ ಬಸುರಿಯಾಗಿದ್ರಿ, ಗರ್ಭಪಾತ ಆಗಿತ್ತಾ ಅಂತೆಲ್ಲ ಕಾಲಂ ಇತ್ತು. ಆಕೆ ಸುಳ್ಳು ಮಾಹಿತಿ ಕೊಟ್ರು ಅಂತ ಪ್ರೊಬೇಷನ್‌ನಲ್ಲೇ ತೆಗೆದ್ರು. ಕೋರ್ಟ್ ವಾಪಸ್ ಸೇರಿಸ್ಕೊಳ್ಳಿ ಅಂತು, ಆ ಕಾಲಂಗಳನ್ನೇ ಫಾರ್ಮಿಂದ ತೆಗೀರಿ ಅಂತು. ಆದ್ರೆ ಅದು ಸರ್ಕಾರಿ ನಿಗಮ. ಖಾಸಗಿ ಕಂಪನಿ ವಿರುದ್ಧ ಅದೇ ದಾರೀಲಿ ಹೋಗೋಕಾಗಲ್ಲ.

ಮೌನರಾಗ: ನೋಡಿದ್ರಾ, ಸುಪ್ರೀಂ ಕೋರ್ಟೇ ನನ್ ಕಡೆ.

ಕರಿಕೋಟು: ಮೇಡಂ ಪೂರ್ತಿ ಓದಿ. ಸುಳ್ಳು ಹೇಳಿ ಅಂತ ಕೋರ್ಟ್ ಹೇಳಿಲ್ಲ. ನಿಮ್ ಫಾರ್ಮ್ ಕೆಳಗೆ "ಮೇಲಿನದ್ದೆಲ್ಲ ಸತ್ಯ" ಅಂತ ಸೈನ್ ಹಾಕಿಸ್ಕೊಂಡಿರ್ತಾರೆ, ಬೇರೆ ಯಾವುದಕ್ಕೋ ತೆಗೀಬೇಕು ಅನ್ನಿಸಿದಾಗ ಅದನ್ನ ಹೊರಗೆ ತೆಗೀತಾರೆ.

ನಲವತ್ತೆಂಟು: ಎಲ್ರೂ ಮಗು ಮಗು ಅಂತೀರ, ವಯಸ್ಸಿನ ಬಗ್ಗೆ ಯಾರೂ ಮಾತಾಡಲ್ಲ. ನಾನು ರೆಸ್ಯೂಮೆಯಿಂದ ಡಿಗ್ರಿ ವರ್ಷ ತೆಗ್ದೆ, ಮೊದಲ ಎರಡು ಕೆಲಸ ತೆಗ್ದೆ, ಕಾಲ್ ಬರೋಕೆ ಶುರುವಾಯ್ತು. ಆದ್ರೆ ವಿಡಿಯೋ ಆನ್ ಮಾಡಿದ ತಕ್ಷಣ ಆ ಕಡೆ ಮುಖ ಬದಲಾಗ್ತಿತ್ತು. "ನಿಮ್ಗಿಂತ ಚಿಕ್ಕ ಮ್ಯಾನೇಜರ್ ಕೈಕೆಳಗೆ ಆಗತ್ತಾ" ಅಂತಾರೆ. ಈಗಿನ ಬಾಸ್ ನನಗಿಂತ ಒಂಬತ್ತು ವರ್ಷ ಚಿಕ್ಕೋರು, ಎರಡು ರಿಲೀಸ್ ಒಟ್ಟಿಗೆ ಮಾಡಿದೀವಿ ಅಂತ ಪ್ರಾಜೆಕ್ಟ್ ಹೆಸರು ಸಮೇತ ಹೇಳ್ತಿದ್ದೆ. ಒಂದು ಕಡೆ ಕೆಲಸ ಆಯ್ತು. ಉಳಿದ ಕಡೆ "ಓವರ್‌ಕ್ವಾಲಿಫೈಡ್".

ಎರಡನೇಶಿಫ್ಟ್: ಸರ್, ಕೇಳಿದ್ದು 31ರವ್ರು. ನಿಮ್ದು ಬೇರೆ ಥ್ರೆಡ್ ಹಾಕಿ.

ನಲವತ್ತೆಂಟು: ಪ್ರಶ್ನೆ ಹೆಡ್ಡಿಂಗಲ್ಲೇ ವಯಸ್ಸು ಅಂತ ಇದೆ ತಮ್ಮಾ, ಓದು.

ಸಂಪಿಗೆಮರ: ನಾನು ನಾಲ್ಕು ತಿಂಗಳ ಬಸುರಿ ಇದ್ದಾಗ್ಲೇ ಸೇರಿದ್ದು, ಅವ್ರು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಹೊಸದಾಗಿ ಸೇರಿದವ್ರಿಗೆ ಪೇಯ್ಡ್ ರಜೆ ಇಲ್ಲ ಅಂತ ಎಚ್‌ಆರ್ ಹೆದರಿಸಿದ್ರು. ಕಾನೂನಲ್ಲಿ ಇರೋದು ನಿರೀಕ್ಷಿತ ಹೆರಿಗೆ ದಿನಾಂಕಕ್ಕೆ ಹಿಂದಿನ 12 ತಿಂಗಳಲ್ಲಿ ಅಲ್ಲಿ 80 ದಿನ ಕೆಲಸ ಮಾಡಿರ್ಬೇಕು ಅಂತ. ಅಟೆಂಡೆನ್ಸ್ ತೆಗ್ದು ತೋರಿಸ್ದೆ, ಸುಮ್ನಾದ್ರು. 26 ವಾರ ಸಿಕ್ತು. ವಾಪಸ್ ಬಂದಾಗ ಟೀಮ್ ಮಾತ್ರ ಬದಲಾಗಿತ್ತು, ಅಪ್ರೈಸಲ್‌ನಲ್ಲಿ ಕಡಿಮೆ ರೇಟಿಂಗ್, ಅದಕ್ಕೆ ಇನ್ನೂ ಜಗಳ ಆಡ್ತಿದೀನಿ.

ಹೊಸಹಾದಿ: ಮೂರನೇ ಸಲಾನೂ ಕೇಳಿದ್ರೆ?

ಬಿಳಿಹಲಗೆ: ಹಂಗೆ ಕೇಳೋ ಕಡೆ ಆ ಮನುಷ್ಯ ನಿಮ್ಮ ಮ್ಯಾನೇಜರೋ ಬರೀ ರಿಕ್ರೂಟರೋ ನೋಡ್ಕೊಳ್ಳಿ. ರಿಕ್ರೂಟರ್ ಆದ್ರೆ ಹೇಳಿದ್ದನ್ನೇ ಹೇಳಿ ಮುಂದಿನ ರೌಂಡ್‌ಗೆ ಹೋಗಿ. ಮ್ಯಾನೇಜರೇ ಆದ್ರೆ ನಾನಾಗಿದ್ರೆ ಸೇರ್ತಿರ್ಲಿಲ್ಲ.

ಕಡಲತೀರ: ಸಾಲ, ಇಎಂಐ ಇರೋರಿಗೆ "ಸೇರ್ತಿರ್ಲಿಲ್ಲ" ಅನ್ನೋದು ಅಷ್ಟು ಸುಲಭ ಅಲ್ಲ ಸರ್. ಹೊಸಹಾದಿ, ಏನ್ ಬೇಕಾದ್ರೂ ಹೇಳಿ, ಲೆಟರ್ ಕೈಗೆ ಬರೋವರ್ಗೂ ರಿಸೈನ್ ಮಾತ್ರ ಹಾಕ್ಬೇಡಿ.